ದುಡ್ಡು ಬಿದ್ದದ್ದು ಯಾರ ಗಲ್ಲಾಪೆಟ್ಟಿಗೆಗೆ?

ಮೈಸೂರಿನ ಒಬ್ಬ ಶಿಕ್ಷಕಿ ತಮ್ಮ ಐಫೋನಿನಲ್ಲಿ ಇಂಗ್ಲಿಷ್ ಕಲಿಸುವ ಆ್ಯಪ್ ಒಂದನ್ನು ಹಾಕಿಕೊಂಡರು ಎಂದಿಟ್ಟುಕೊಳ್ಳೋಣ. ಮೊದಲ 7 ದಿನ ಉಚಿತ, ಆಮೇಲೆ ತಿಂಗಳಿಗೆ 499 ರೂಪಾಯಿ. 3ನೇ ತಾರೀಖು ಬೆಳಗ್ಗೆ ಹತ್ತಕ್ಕೆ ಶುರುವಾಯಿತು. ನಾಲ್ಕು ದಿನಕ್ಕೇ ಬೇಸರ ಬಂತು. ಅವರು ಮೊದಲು ಆ್ಯಪನ್ನು ಅಳಿಸಿದರು. ಅಷ್ಟು ಸಾಲದೇನೋ ಅನ್ನಿಸಿ ಕಂಪನಿಯ ವೆಬ್‌ಸೈಟಿಗೆ ಹೋಗಿ ಲಾಗಿನ್ ಆದರು. ಅಲ್ಲಿ ರದ್ದು ಮಾಡುವ ಗುಂಡಿಯೇ ಇರಲಿಲ್ಲ. ಈ ಚಂದಾ ಆಪಲ್ ಮೂಲಕ ಬಂದದ್ದು ಎಂಬ ಒಂದು ಸಾಲು ಮಾತ್ರ ಇತ್ತು. ಸಿಟ್ಟಿನಲ್ಲಿ ಖಾತೆಯನ್ನೇ ಮುಚ್ಚಿಬಿಟ್ಟರು. ಆದರೂ ವಾರ ತುಂಬುವ ಹೊತ್ತಿಗೆ 499 ರೂಪಾಯಿ ಕಡಿತವಾದ ಸಂದೇಶ ಫೋನಿಗೆ ಬಂತು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಶಿಕ್ಷಕಿ ತಪ್ಪು ಬಾಗಿಲು ತಟ್ಟಿದರು, ಅಷ್ಟೆ.

ಮನೆಗೆ ಪೇಪರ್ ಹಾಕಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬೀದಿಯ ಏಜೆಂಟರಿಗೆ ತಿಂಗಳ ದುಡ್ಡು ಕೊಡುವವರು ಪೇಪರ್ ಬೇಡವಾದಾಗ ಏಜೆಂಟರಿಗೇ ಹೇಳುತ್ತಾರೆ. ಬೆಂಗಳೂರಿನ ಪತ್ರಿಕಾ ಕಚೇರಿಗೆ ಕಾಗದ ಬರೆಯುವುದಿಲ್ಲ. ಕಚೇರಿಗೇ ನೇರವಾಗಿ ವರ್ಷದ ಚಂದಾ ಕಟ್ಟಿದವರು ಏಜೆಂಟರನ್ನು ಕೇಳಿದರೆ ಅವರು ತಲೆಯಾಡಿಸುತ್ತಾರೆ. ಫೋನಿನ ಆ್ಯಪ್ ಸ್ಟೋರ್ ಇಂಥ ಏಜೆಂಟ್. ಆ್ಯಪ್ ಒಳಗೆ ಚಂದಾ ಕಟ್ಟಿದಾಗ ದುಡ್ಡು ಪಡೆಯುವುದು ಆಪಲ್ ಅಥವಾ ಗೂಗಲ್. ತಮ್ಮ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಅವರು ಕಂಪನಿಗೆ ಕೊಡುತ್ತಾರೆ. ಗ್ರಾಹಕರ ಬ್ಯಾಂಕ್ ವಿವರವಾಗಲಿ, ಪ್ರತಿ ತಿಂಗಳು ಹಣ ಎಳೆಯುವ ಅನುಮತಿಯಾಗಲಿ ಕಂಪನಿಯ ಕೈಯಲ್ಲಿ ಇರುವುದಿಲ್ಲ. ಇವರ ಚಂದಾ ಚಾಲ್ತಿಯಲ್ಲಿದೆ ಅಥವಾ ಮುಗಿದಿದೆ ಎಂಬ ಸುದ್ದಿ ಮಾತ್ರ ಸ್ಟೋರ್‌ನಿಂದ ಅದಕ್ಕೆ ತಲುಪುತ್ತದೆ. ಹಾಗಾಗಿ ಕಂಪನಿಯ ಖಾತೆ ಮುಚ್ಚಿದರೂ ಏಜೆಂಟರ ಲೆಕ್ಕದ ಪುಸ್ತಕ ತೆರೆದೇ ಇರುತ್ತದೆ.

ಈ ಕಮಿಷನ್ ಗ್ರಾಹಕರ ಕಣ್ಣಿಗೂ ಬಿದ್ದದ್ದುಂಟು. 2023ರ ಫೆಬ್ರವರಿಯಲ್ಲಿ ಟ್ವಿಟರ್ ತನ್ನ ಹಣ ಕೊಟ್ಟು ಪಡೆಯುವ ಸೇವೆಯನ್ನು ಭಾರತಕ್ಕೆ ತಂದಾಗ ವೆಬ್‌ಸೈಟಿನಲ್ಲಿ ತಿಂಗಳಿಗೆ 650 ರೂಪಾಯಿ, ಫೋನಿನ ಆ್ಯಪ್‌ನಲ್ಲಿ 900 ರೂಪಾಯಿ ಇತ್ತು. ಸೇವೆ ಒಂದೇ, ಬೆಲೆ ಎರಡು. ನೆಟ್‌ಫ್ಲಿಕ್ಸ್ ಇನ್ನೂ ಮುಂದೆ ಹೋಗಿ, 2018ರ ಕೊನೆಯಲ್ಲಿ ಹೊಸ ಗ್ರಾಹಕರಿಂದ ಆಪಲ್ ಮೂಲಕ ಹಣ ಪಡೆಯುವುದನ್ನೇ ನಿಲ್ಲಿಸಿತು. ಆದರೆ ಅದಕ್ಕೂ ಮೊದಲು ಆಪಲ್ ಮೂಲಕ ಸೇರಿದ್ದವರ ಚಂದಾ ಆಪಲ್ ಲೆಕ್ಕದಲ್ಲೇ ಮುಂದುವರಿಯಿತು, ಅವರು ಬಿಡಬೇಕೆಂದರೆ ಆಪಲ್‌ನಲ್ಲೇ ರದ್ದು ಮಾಡಬೇಕಾಯಿತು. ಅಕ್ಕಪಕ್ಕದ ಮನೆಯ ಇಬ್ಬರು ನೆಟ್‌ಫ್ಲಿಕ್ಸ್ ಗ್ರಾಹಕರಿಗೆ ಎರಡು ಬೇರೆ ಬಾಗಿಲು.

ಶಿಕ್ಷಕಿ ಮಾಡಬೇಕಿದ್ದ ಕೆಲಸ ಚಿಕ್ಕದು. ಐಫೋನಿನಲ್ಲಿ Settings ತೆರೆದು, ಮೇಲೆ ಕಾಣುವ ತಮ್ಮ ಹೆಸರನ್ನು ಒತ್ತಿ, Subscriptions ಪಟ್ಟಿಯಲ್ಲಿ ಆ ಆ್ಯಪನ್ನು ಆರಿಸಿ, Cancel Subscription ಒತ್ತುವುದು. ಆ್ಯಪ್ ಅಳಿಸಿಹೋಗಿದ್ದರೂ ಈ ಪಟ್ಟಿಯಲ್ಲಿ ಚಂದಾ ಇರುತ್ತದೆ. ಆದರೆ ಆಪಲ್‌ನಲ್ಲಿ ಒಂದು ಗಡುವಿದೆ: ಉಚಿತ ಅವಧಿ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ರದ್ದಾಗಿರಬೇಕು. ಶಿಕ್ಷಕಿಯ ವಾರ ಮುಗಿಯುವುದು 10ರ ಬೆಳಗ್ಗೆ ಹತ್ತಕ್ಕೆ. ಅಂದರೆ ಅವರ ನಿಜವಾದ ಗಡುವು 9ರ ಬೆಳಗ್ಗೆ ಹತ್ತು. ಏಳು ದಿನ ಎಂದು ಬರೆದಿದ್ದರೂ ಲೆಕ್ಕಕ್ಕೆ ಸಿಗುವುದು ಆರೇ.

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು, ಬಲ ಮೂಲೆಯ ತಮ್ಮ ಚಿತ್ರವನ್ನು ಒತ್ತಿ, Payments & subscriptions ಒಳಗಿನ Subscriptions ನೋಡಬೇಕು. ಹಲವರು ಎಡವುವುದು ಇಲ್ಲೇ. ಪಟ್ಟಿ ಖಾಲಿ ಕಾಣುತ್ತದೆ, ದುಡ್ಡು ಮಾತ್ರ ಹೋಗುತ್ತಲೇ ಇರುತ್ತದೆ. ನಮ್ಮ ಮನೆಗಳಲ್ಲಿ ಅಪ್ಪನ ಫೋನನ್ನು ಮಗ ತನ್ನ ಜಿಮೇಲ್ ಹಾಕಿ ಸಿದ್ಧಮಾಡಿ ಕೊಡುವುದು ಮಾಮೂಲು, ಒಂದೇ ಫೋನಿನಲ್ಲಿ ಎರಡು ಮೂರು ಖಾತೆ ಇರುವುದೂ ಹೊಸದಲ್ಲ. ಚಂದಾ ಯಾವ ಖಾತೆಯಿಂದ ಕಟ್ಟಿದ್ದೋ ಆ ಖಾತೆಗೆ ಬದಲಾಯಿಸಿಕೊಂಡರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ವೆಬ್‌ಸೈಟಿನಲ್ಲಿ ಕಟ್ಟಿದ ಚಂದಾ ಸ್ಟೋರ್‌ನ ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಅದೇ ಆ್ಯಪನ್ನು ಅದೇ ಫೋನಿನಲ್ಲಿ ದಿನಾ ಬಳಸುತ್ತಿದ್ದರೂ. ಅದನ್ನು ಕಂಪನಿಯ ಸೈಟಿಗೆ ಹೋಗಿ, ಖಾತೆಯ ಪುಟದಲ್ಲೇ ನಿಲ್ಲಿಸಬೇಕು. ಗುಂಡಿ ಎಲ್ಲಿದೆ, ಎಷ್ಟು ಪ್ರಶ್ನೆ ಕೇಳುತ್ತಾರೆ, ಹಣ ವಾಪಸಾಗುತ್ತದೆಯೇ ಎಂಬುದೆಲ್ಲ ಆಯಾ ಕಂಪನಿಯ ನಿಯಮ. ಈ ಒಂದು ವಿಷಯದಲ್ಲಿ ಸ್ಟೋರ್ ವಾಸಿ ಎನ್ನಬೇಕು: ಎಲ್ಲ ಆ್ಯಪ್‌ಗಳಿಗೂ ಒಂದೇ ಗುಂಡಿ, ಒಂದೇ ಜಾಗ. ಹಣ ವಾಪಸ್ ಕೇಳಲು ಆಪಲ್‌ಗೆ reportaproblem.apple.com ಎಂಬ ಪ್ರತ್ಯೇಕ ಪುಟವೇ ಇದೆ. ಗೂಗಲ್ ಪ್ಲೇನಲ್ಲಿ ಖರೀದಿಯಾದ 48 ಗಂಟೆಯೊಳಗೆ ಗೂಗಲನ್ನೇ ಕೇಳಬಹುದು. ಆಮೇಲೆ ಆ್ಯಪ್ ಮಾಡಿದವರನ್ನು ಕೇಳಿ ಎನ್ನುತ್ತದೆ. ಗೂಗಲ್ ಮೂಲಕ ಬಂದ ಚಂದಾವನ್ನು ಆ್ಯಪ್ ಕಂಪನಿ ತಾನೇ ರದ್ದು ಮಾಡಿ ಹಣ ಮರಳಿಸಲೂ ಬಲ್ಲದು. ಆಪಲ್‌ನಲ್ಲಿ ಗ್ರಾಹಕರ ಪರವಾಗಿ ಚಂದಾ ರದ್ದು ಮಾಡುವ ಅಧಿಕಾರ ಕಂಪನಿಗಿಲ್ಲ. ಮೈಸೂರಿನ ಶಿಕ್ಷಕಿಗೆ ಆ್ಯಪ್‌ನವರು "ನಮ್ಮ ಕೈಲಿಲ್ಲ" ಎಂದಿದ್ದರೆ ಅದು ನೆಪವಾಗಿರಲಿಲ್ಲ.

ಭಾರತದಲ್ಲಿ ಇನ್ನೊಂದು ಗಂಟಿದೆ. ಆ್ಯಪ್‌ಗಳು ತನ್ನ ಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂಬ ಗೂಗಲ್‌ನ ಹಟಕ್ಕೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 936.44 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ಮೊತ್ತ ಬಹಳಷ್ಟು ಇಳಿಯಿತು. ಆದರೆ ಈ ಜಗಳದ ನಂತರ ಇಲ್ಲಿನ ಕೆಲವು ಆ್ಯಪ್‌ಗಳು ಹಣ ಕಟ್ಟುವಾಗ ಗೂಗಲ್ ಪ್ಲೇ ಜೊತೆಗೆ ತಮ್ಮದೇ ಪಾವತಿಯ ಆಯ್ಕೆಯನ್ನೂ ಮುಂದಿಡುತ್ತವೆ. ಎರಡನೆಯದನ್ನು ಆರಿಸಿದವರು ಆ್ಯಪ್ ಒಳಗೇ ಕಟ್ಟಿದರೂ ಲೆಕ್ಕ ಇರುವುದು ಕಂಪನಿಯ ಬಳಿ, ರದ್ದು ಮಾಡಬೇಕಾದದ್ದೂ ಅಲ್ಲೇ. "ಫೋನಿನಲ್ಲಿ ಕಟ್ಟಿದೆ, ಆದ್ದರಿಂದ ಪ್ಲೇ ಸ್ಟೋರ್" ಎಂಬ ಸೂತ್ರ ಹೀಗೆ ಕೆಲವೊಮ್ಮೆ ಕೈಕೊಡುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ಚಂದಾ ಕಟ್ಟಿದ ದಿನ ಬಂದ ರಸೀದಿಯ ಇಮೇಲ್ ಹುಡುಕಿ. ಗೂಗಲ್ ಪ್ಲೇ ರಸೀದಿಯ ಆರ್ಡರ್ ಸಂಖ್ಯೆ GPA ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಆಪಲ್ ರಸೀದಿ ಆಪಲ್ ಹೆಸರಲ್ಲೇ ಬರುತ್ತದೆ. ಇವೆರಡೂ ಅಲ್ಲದೆ ಕಂಪನಿಯೇ ರಸೀದಿ ಕಳಿಸಿದ್ದರೆ ಅದರ ವೆಬ್‌ಸೈಟಿಗೆ ಹೋಗಬೇಕು. ಒಬ್ಬರಿಗೇ ಎರಡು ಬಗೆಯ ರಸೀದಿ ಸಿಕ್ಕರೂ ಆಶ್ಚರ್ಯವಿಲ್ಲ: ಹಳೆಯ ಫೋನಿನಲ್ಲಿ ಸ್ಟೋರ್ ಮೂಲಕ ಕಟ್ಟಿ, ಅದನ್ನು ಮರೆತು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದವರು ಒಂದೇ ಸೇವೆಗೆ ಎರಡು ಸಲ ದುಡ್ಡು ತೆರುತ್ತಿರುತ್ತಾರೆ. ಒಂದನ್ನು ನಿಲ್ಲಿಸಿದರೆ ಇನ್ನೊಂದು ನಿಲ್ಲುವುದಿಲ್ಲ.

ಯುಪಿಐ ಆ್ಯಪ್‌ನಲ್ಲಿ ಆಟೋಪೇ ಕಿತ್ತುಹಾಕಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆ ದಾರಿಯಲ್ಲಿ ಹಣ ಹೋಗುವುದು ನಿಲ್ಲುತ್ತದೆ, ಚಂದಾ ಮಾತ್ರ ರದ್ದಾಗುವುದಿಲ್ಲ. ಸ್ಟೋರ್ ಅದನ್ನು ಬಾಕಿ ಎಂದೇ ತಿಳಿದು ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದೇ ಖಾತೆಯಲ್ಲಿ ಬೇರೊಂದು ಪಾವತಿ ವಿಧಾನ ಇದ್ದರೆ ಅದರಿಂದಲೂ ಹಣ ಹೋಗಬಹುದು. ಮೊದಲು ಚಂದಾ ರದ್ದು ಮಾಡಿ, ಆಮೇಲೆ ಆಟೋಪೇ ಪಟ್ಟಿ ನೋಡುವುದು ಸರಿ.

ರದ್ದಾದ ಮೇಲೂ ಕಟ್ಟಿದ ಅವಧಿ ಮುಗಿಯುವವರೆಗೆ ಸೇವೆ ಸಾಮಾನ್ಯವಾಗಿ ಸಿಗುತ್ತಲೇ ಇರುತ್ತದೆ. ಆ್ಯಪ್ ಇನ್ನೂ ತೆರೆಯುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ಸ್ಟೋರ್‌ನ ಪಟ್ಟಿಯಲ್ಲಿ ಆ ಚಂದಾ ಯಾವ ದಿನ ಕೊನೆಗೊಳ್ಳುತ್ತದೆ ಎಂದು ತಾರೀಖು ಬಂದಿದ್ದರೆ ರದ್ದಾಗಿದೆ. ಇನ್ನೂ ನವೀಕರಣದ ತಾರೀಖೇ ಕಾಣುತ್ತಿದ್ದರೆ ಆಗಿಲ್ಲ.