ಬೋಲ್ಟು ಹೊರದ ಭಾರ

ಬೆಂಗಳೂರಿನ ಪೀಣ್ಯದಲ್ಲಿ ಒಂದು ವರ್ಕ್‌ಶಾಪು. ಅಲ್ಲಿನ ಹೈಡ್ರಾಲಿಕ್ ಪ್ರೆಸ್ಸಿನ ಬೋಲ್ಟುಗಳು ಪದೇ ಪದೇ ಮುರಿಯುತ್ತಿವೆ ಎಂದು ನನ್ನನ್ನು ಕರೆಸಿದ್ದರು. ಸಿಲಿಂಡರಿನ ಹಿಂಬದಿ ಮುಚ್ಚಳವನ್ನು ಹಿಡಿದಿದ್ದ ಎಂಟು ಬೋಲ್ಟುಗಳಲ್ಲಿ ಎರಡು ಮುರಿದಿದ್ದವು. ನಾಲ್ಕು ತಿಂಗಳ ಹಿಂದೆಯೂ ಹೀಗೇ ಆಗಿತ್ತಂತೆ. ಆಗ ಇದ್ದದ್ದು 8.8 ದರ್ಜೆಯ ಬೋಲ್ಟು. ಮಾಲೀಕರು ಖರ್ಚಿಗೆ ಹಿಂದೆಮುಂದೆ ನೋಡದೆ ಅದಕ್ಕಿಂತ ಗಟ್ಟಿಯಾದ 10.9 ದರ್ಜೆಯವನ್ನು ಎಂಟೂ ಕಡೆ ಹಾಕಿಸಿದ್ದರು. ಅವೂ ಅಷ್ಟೇ ದಿನ ಬಂದವು.

ಮುರಿದ ತುಂಡನ್ನು ಫಿಟ್ಟರ್ ನನ್ನ ಕೈಗಿಟ್ಟರು. ನಟ್ಟಿನೊಳಗೆ ಹೋಗುವ ಮೊದಲ ಥ್ರೆಡ್ಡಿನ ಬುಡದಲ್ಲೇ ಅದು ಮುರಿದಿತ್ತು. ಮುರಿದ ಮುಖದ ಮುಕ್ಕಾಲು ಭಾಗ ನುಣುಪಾಗಿತ್ತು, ಅದರ ಮೇಲೆ ಮರದ ಕೊರಡಿನಲ್ಲಿ ಕಾಣುವಂಥ ಬಿಲ್ಲಿನಾಕಾರದ ಗೆರೆಗಳಿದ್ದವು. ಉಳಿದ ಕಾಲು ಭಾಗ ಮಾತ್ರ ಒರಟು ಒರಟು. ಒಮ್ಮೆಗೇ ಭಾರ ತಾಳದೆ ಮುರಿದ ಬೋಲ್ಟು ಹೀಗಿರುವುದಿಲ್ಲ. ಅದು ಎಳೆದು ಸಪೂರವಾಗಿ ಕಿತ್ತುಬರುತ್ತದೆ. ಇದು ಲೋಹ ದಣಿದು ಮುರಿದದ್ದು: ಬಲ ಏರಿ ಇಳಿದು, ಏರಿ ಇಳಿದು, ಬಿರುಕು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಗೆ ಸರಿದು, ಕೊನೆಗೆ ಉಳಿದ ಕಾಲು ಭಾಗ ಒಂದೇ ಸಲಕ್ಕೆ ಕಿತ್ತದ್ದು.

"ಬಿಗಿ ಸಾಲದೆ ಹೀಗಾಗಿದೆ" ಎಂದೆ. ಮಾಲೀಕರಿಗೆ ಅದು ಒಪ್ಪಿಗೆಯಾಗಲಿಲ್ಲ. "ಅಲ್ಲ ಸಾರ್, ನೀವು ಬಿಗಿ ಮಾಡಿದಷ್ಟೂ ಬೋಲ್ಟು ಮೊದಲೇ ಎಳೆದುಕೊಂಡಿರುತ್ತೆ. ಅದರ ಮೇಲೆ ಪ್ರೆಸ್ಸಿನ ಒತ್ತಡವೂ ಬಿದ್ದರೆ ಎರಡೂ ಸೇರಿ ಬೇಗ ಮುರಿಯಲ್ವಾ?"

ಬಹಳ ಒಳ್ಳೆಯ ಪ್ರಶ್ನೆ. ಇಂಜಿನಿಯರಿಂಗ್ ಓದಿದವರೂ ಇಲ್ಲಿ ಎಡವುತ್ತಾರೆ. ಉತ್ತರ ಆ ಸಿಲಿಂಡರಿನ ಲೆಕ್ಕದಲ್ಲೇ ಇದೆ.

ಸಿಲಿಂಡರಿನ ಒಳವ್ಯಾಸ 160 ಮಿಲಿಮೀಟರ್, ಎಣ್ಣೆಯ ಒತ್ತಡ 95 ಬಾರ್. ಮುಚ್ಚಳವನ್ನು ಹೊರಕ್ಕೆ ದೂಡುವ ಬಲ ಸುಮಾರು 19 ಟನ್. ಎಂಟು ಬೋಲ್ಟಿಗೆ ಹಂಚಿದರೆ ತಲಾ 2.4 ಟನ್. (10 ಕಿಲೋನ್ಯೂಟನ್ನನ್ನು ಒಂದು ಟನ್ ಎಂದು ಹಿಡಿದಿದ್ದೇನೆ, ಲೆಕ್ಕ ಸಲೀಸಾಗಲಿ ಎಂದು.) ಬೋಲ್ಟು ಎಂ 16. ಅದನ್ನು 6 ಟನ್ ಎಳೆತ ಬರುವಷ್ಟು ಬಿಗಿದಿದ್ದೇವೆ ಎಂದಿಟ್ಟುಕೊಳ್ಳಿ. ಈ ಮೊದಲಿನ ಎಳೆತಕ್ಕೆ ಪ್ರೀಲೋಡ್ ಎಂದು ಹೆಸರು. 8.8 ದರ್ಜೆಯ ಎಂ 16 ಬೋಲ್ಟು ಕಾಯಂ ಆಗಿ ಉದ್ದವಾಗದೆ ಸುಮಾರು 9 ಟನ್‌ವರೆಗೆ ತಾಳುತ್ತದೆ, ಹಾಗಾಗಿ 6 ಟನ್ ಅದಕ್ಕೆ ಹೆಚ್ಚಲ್ಲ. ಮಾಲೀಕರ ಪ್ರಕಾರ ಈಗ ಬೋಲ್ಟಿನ ಮೇಲಿನ ಭಾರ 6 ಕೂಡಿಸು 2.4, ಒಟ್ಟು 8.4 ಟನ್ ಆಗಬೇಕು.

ಆಗುವುದಿಲ್ಲ. ನಟ್ಟು ತಿರುವಿದಾಗ ಬೋಲ್ಟು ಹಿಗ್ಗುವುದರ ಜೊತೆಗೆ ಇನ್ನೊಂದೂ ನಡೆದಿರುತ್ತದೆ. ಮುಚ್ಚಳ ಮತ್ತು ಫ್ಲ್ಯಾಂಜು ಅಷ್ಟೇ ಬಲದಿಂದ ಕುಗ್ಗಿರುತ್ತವೆ. ಉಕ್ಕು ಕುಗ್ಗುವುದೇ ಎಂದು ಅನ್ನಿಸಬಹುದು. ಕುಗ್ಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಈ ಜೋಡಣೆಯಲ್ಲಿ ಎರಡೂ ತಟ್ಟೆ ಸೇರಿ ದಪ್ಪ 40 ಮಿಲಿಮೀಟರ್. ತಲೆ ಮತ್ತು ನಟ್ಟಿನೊಳಗಿನ ಹಿಗ್ಗುವಿಕೆಯನ್ನೂ ಸೇರಿಸಿದರೆ, ಬೋಲ್ಟನ್ನು ಒಂದು ಮಿಲಿಮೀಟರ್ ಹಿಗ್ಗಿಸಲು ಬೇಕಾಗುವ ಬಲದ ಪ್ರಮಾಣ ಸುಮಾರು 60 ಟನ್. ತಟ್ಟೆಗಳನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಅದರ ಐದು ಪಟ್ಟು, ಸುಮಾರು 300 ಟನ್. ಬೋಲ್ಟು ಸಪೂರ ಸರಳು. ತಟ್ಟೆಗಳಲ್ಲಾದರೆ ಒತ್ತಡ ಬೋಲ್ಟಿನ ತಲೆಯ ಕೆಳಗಿನಿಂದ ದೀಪದ ಛತ್ರಿಯ ಹಾಗೆ ಅಗಲವಾಗುತ್ತಾ ಹೋಗುತ್ತದೆ, ಅತ್ತ ನಟ್ಟಿನ ಕಡೆಯಿಂದಲೂ ಹಾಗೇ. ಅಷ್ಟು ಅಗಲದ ಉಕ್ಕು ಒಟ್ಟಾಗಿ ಎದುರು ನಿಲ್ಲುತ್ತದೆ. ಈ ಛತ್ರಿಯಾಕಾರವನ್ನು ಶಂಕು ಎಂದು ಹಿಡಿದು ಲೆಕ್ಕ ಹಾಕುವ ಕ್ರಮಕ್ಕೆ ಜರ್ಮನಿಯ ಫೆಲಿಕ್ಸ್ ರೋಟ್ಷರ್ ಹೆಸರು ಅಂಟಿಕೊಂಡಿದೆ.

ಹಾಗಾದರೆ 6 ಟನ್ ಬಿಗಿದಾಗ ಬೋಲ್ಟು ಹಿಗ್ಗಿದ್ದು 0.1 ಮಿಲಿಮೀಟರ್, ತಟ್ಟೆಗಳು ಕುಗ್ಗಿದ್ದು 0.02 ಮಿಲಿಮೀಟರ್.

ಈಗ ಪ್ರೆಸ್ಸು ಚಾಲೂ ಮಾಡಿ. ಎಣ್ಣೆ ಮುಚ್ಚಳವನ್ನು ಹೊರಕ್ಕೆ ದೂಡುತ್ತದೆ. ಬೋಲ್ಟು ಇನ್ನಷ್ಟು ಹಿಗ್ಗುತ್ತದೆ. ಬೋಲ್ಟು ಎಷ್ಟು ಹಿಗ್ಗಿತೋ ತಟ್ಟೆಗಳಿಗೆ ಅಷ್ಟೇ ಜಾಗ ಸಿಕ್ಕಿತು, ಅಷ್ಟೇ ಅವು ಮೊದಲಿನ ದಪ್ಪಕ್ಕೆ ಮರಳಿದವು. ತಟ್ಟೆಗಳು ಒಂದಕ್ಕೊಂದು ಅಂಟಿಕೊಂಡೇ ಇರುವವರೆಗೆ ಈ ಎರಡು ಅಳತೆ ಬೇರೆಯಾಗಲು ಸಾಧ್ಯವೇ ಇಲ್ಲ. ಇಡೀ ಲೆಕ್ಕ ನಿಂತಿರುವುದು ಇದೊಂದರ ಮೇಲೆ. ಆ ಅಳತೆಯನ್ನು x ಎಂದರೆ:

```
60x + 300x = 2.4
x = 0.0067 mm
```

ಮೊದಲನೆಯದು ಬೋಲ್ಟಿನ ಮೇಲೆ ಹೊಸದಾಗಿ ಏರಿದ ಎಳೆತ, 0.4 ಟನ್. ಎರಡನೆಯದು ತಟ್ಟೆಗಳ ನಡುವಿನ ಅಪ್ಪುಗೆಯಲ್ಲಿ ಇಳಿದದ್ದು, 2 ಟನ್. ಬೋಲ್ಟಿನ ಎಳೆತ 6ರಿಂದ 6.4ಕ್ಕೆ ಏರಿತು, ತಟ್ಟೆಗಳ ಅಪ್ಪುಗೆ 6ರಿಂದ 4ಕ್ಕೆ ಇಳಿಯಿತು. ಮುಚ್ಚಳದ ಲೆಕ್ಕವೂ ತಾಳೆಯಾಗುತ್ತದೆ: ಬೋಲ್ಟು ಒಳಕ್ಕೆ ಎಳೆಯುವುದು 6.4, ಫ್ಲ್ಯಾಂಜು ಹೊರಕ್ಕೆ ಒತ್ತುವುದು 4, ಎಣ್ಣೆ ದೂಡುವುದು 2.4.

ಅಂದರೆ ಹೊರಗಿನ ಭಾರದಲ್ಲಿ ಬೋಲ್ಟಿನ ಪಾಲು ಆರರಲ್ಲಿ ಒಂದು. ಉಳಿದ ಐದು ಪಾಲು ತಟ್ಟೆಗಳ ಅಪ್ಪುಗೆ ಸಡಿಲವಾಗುವುದರಲ್ಲೇ ತೀರಿಹೋಗುತ್ತದೆ. ಸೂತ್ರ ಬೇಕೆಂದರೆ ಬೋಲ್ಟಿನ 60ನ್ನು ಎರಡರ ಮೊತ್ತ 360ರಿಂದ ಭಾಗಿಸಿದರೆ ಸಾಕು. ಇದರಲ್ಲಿ ಪ್ರೀಲೋಡ್ ಎಷ್ಟು ಎಂಬುದು ಬಂದೇ ಇಲ್ಲ, ಗಮನಿಸಿ. ಹೆಚ್ಚು ಬಿಗಿದರೂ ಬೋಲ್ಟಿನ ಪಾಲು ಅಷ್ಟೇ, ಕಡಿಮೆ ಬಿಗಿದರೂ ಅಷ್ಟೇ. ಬಿಗಿತ ತೀರ್ಮಾನಿಸುವುದು ಬೇರೆಯದನ್ನು: ಈ ಹಂಚಿಕೆ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು.

ತಟ್ಟೆಗಳ ಅಪ್ಪುಗೆ ಸೊನ್ನೆಯಾದ ಕ್ಷಣ ಹಂಚಿಕೊಳ್ಳಲು ಜೊತೆಗಾರರಿಲ್ಲ. ಮುಂದಿನ ಒಂದೊಂದು ಕಿಲೋ ಭಾರವೂ ನೇರ ಬೋಲ್ಟಿನ ಮೇಲೆ. 6 ಟನ್ ಬಿಗಿದ ಜೋಡಣೆಯಲ್ಲಿ ಅದು ಆಗುವುದು ಹೊರಗಿನ ಭಾರ 7.2 ಟನ್ ಮುಟ್ಟಿದಾಗ, ಏಕೆಂದರೆ 7.2ರ ಆರರಲ್ಲಿ ಐದು ಪಾಲು 6. ನಮ್ಮ ಪ್ರೆಸ್ಸಿನ ಭಾರ 2.4 ಮಾತ್ರ, ಅಲ್ಲಿಗೆ ಬಹಳ ದೂರ. ಆದರೆ ಬಿಗಿತ ಅರ್ಧ ಟನ್ನಿಗೆ ಇಳಿದಿದ್ದರೆ? ಆಗ 0.6 ಟನ್ ಭಾರಕ್ಕೇ ತಟ್ಟೆಗಳು ಬಿಟ್ಟುಕೊಳ್ಳುತ್ತವೆ. ಪ್ರತಿ ಹೊಡೆತಕ್ಕೂ ಬೋಲ್ಟಿನ ಎಳೆತ 0.5ರಿಂದ 2.4ಕ್ಕೆ ಏರಿ ಇಳಿಯುತ್ತದೆ, 1.9 ಟನ್ ತೂಗಾಟ. ಚೆನ್ನಾಗಿ ಬಿಗಿದಿದ್ದಾಗ ಈ ತೂಗಾಟ 0.4 ಟನ್ ಇತ್ತು.

ದಣಿವಿನ ವಿಷಯದಲ್ಲಿ ಬೋಲ್ಟಿಗೆ ಮುಖ್ಯವಾದದ್ದು ಈ ತೂಗಾಟವೇ. ಒಟ್ಟು ಎಳೆತ ಎಷ್ಟೆಂಬುದು ಅಷ್ಟಾಗಿ ತಟ್ಟುವುದಿಲ್ಲ. ಈ ಅಳತೆಯ ಬೋಲ್ಟಿನ ಥ್ರೆಡ್ಡು ಲಕ್ಷಗಟ್ಟಲೆ ಸಲ ತಾಳಬಲ್ಲ ತೂಗಾಟ ಸುಮಾರು 1.4 ಟನ್. ಅದು 8.8 ದರ್ಜೆಗೂ 10.9 ದರ್ಜೆಗೂ ಹೆಚ್ಚು ಕಡಿಮೆ ಒಂದೇ, ಏಕೆಂದರೆ ಬಿರುಕು ಹುಟ್ಟುವುದು ಥ್ರೆಡ್ಡಿನ ಚೂಪು ಬುಡದಲ್ಲಿ. ಉಕ್ಕು ಗಟ್ಟಿಯಾದ ಮಾತ್ರಕ್ಕೆ ಆ ಬುಡದ ಚೂಪು ಕಡಿಮೆಯಾಗುವುದಿಲ್ಲ. 10.9 ಬೋಲ್ಟಿನ ಲಾಭವೆಂದರೆ ಅದನ್ನು ಇನ್ನೂ ಹೆಚ್ಚು ಬಿಗಿಯಬಹುದು. ಬಿಗಿಯದೆ ಹಾಕಿದರೆ ಲಾಭವಿಲ್ಲ. ಮಾಲೀಕರ ದುಡ್ಡು ಹೋದದ್ದು ಹೀಗೆ.

ಇಷ್ಟು ಹೇಳಿದಾಗ ಫಿಟ್ಟರ್ ಮುಖ ಸಣ್ಣದಾಯಿತು. ಎರಡು ಸಲವೂ ಬೋಲ್ಟು ಬಿಗಿದವರು ಅವರೇ. "ಟಾರ್ಕ್ ರೆಂಚ್ ಇಟ್ಟೇ ಬಿಗಿದಿದ್ದೀನಿ ಸಾರ್, 190ಕ್ಕೆ." ಎಂ 16 ಬೋಲ್ಟಿಗೆ 190 ನ್ಯೂಟನ್ ಮೀಟರ್ ಎಂದರೆ ಸುಮಾರು 6 ಟನ್. ಘರ್ಷಣೆಯ ಹೆಚ್ಚುಕಡಿಮೆಯಿಂದ ಟಾರ್ಕ್ ರೆಂಚಿನ ಲೆಕ್ಕ ಕಾಲು ಭಾಗದಷ್ಟು ಆಚೆ ಈಚೆ ಆಗುವುದುಂಟು. ಆದರೂ 4.5ಕ್ಕಿಂತ ಕೆಳಗೆ ಹೋಗಲಾರದು. ಅವರು ಸರಿಯಾಗಿಯೇ ಬಿಗಿದಿದ್ದರು. ಬಿಗಿದ ಮೇಲೆ ಬಿಗಿತ ಎಲ್ಲೋ ಸೋರಿಹೋಗಿತ್ತು.

ಮುಚ್ಚಳ ಬಿಚ್ಚಿಸಿದೆವು. ಹಿಂದಿನ ವರ್ಷ ಪ್ರೆಸ್ಸಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಬಿಚ್ಚಿಟ್ಟಿದ್ದ ಮುಚ್ಚಳಕ್ಕೆ ಒಳಮುಖ, ಹೊರಮುಖ, ವಾಷರ್ ಕೂರುವ ಜಾಗ, ಎಲ್ಲಕ್ಕೂ ಸೇರಿಸಿ ಬಳಿದಿದ್ದರು. ಫ್ಲ್ಯಾಂಜಿನ ಮುಖಕ್ಕೂ ಅಷ್ಟೇ. ಉಗುರಿನಿಂದ ಕೆರೆದರೆ ಸಿಪ್ಪೆಯಾಗಿ ಏಳುತ್ತಿತ್ತು. ವಾಷರಿನ ಕೆಳಗೆ ಮಾತ್ರ ಬಣ್ಣ ಹಿಂಡಿಹೋಗಿ, ಸುತ್ತ ಉಂಗುರದ ಹಾಗೆ ದಿಂಡುಗಟ್ಟಿತ್ತು.

ಲೆಕ್ಕಕ್ಕೆ ಮರಳಿ ನೋಡಿ. ಬೋಲ್ಟು ಹಿಗ್ಗಿದ್ದು 0.1, ತಟ್ಟೆ ಕುಗ್ಗಿದ್ದು 0.02. ಒಟ್ಟು 0.12 ಮಿಲಿಮೀಟರಿನಲ್ಲಿ 6 ಟನ್ ಬಿಗಿತ ಅಡಗಿದೆ. ಮಿಲಿಮೀಟರಿನ ನೂರನೇ ಒಂದು ಭಾಗ ಸರಿದರೆ ಅರ್ಧ ಟನ್ ಹೋಯಿತು. ನಾಲ್ಕೈದು ಪದರ ಬಣ್ಣ ಒತ್ತಡಕ್ಕೆ, ಎಣ್ಣೆಯ ಬಿಸಿಗೆ ಮೆತ್ತಗೆ ಹರಿದು ಒಟ್ಟು 0.1 ಮಿಲಿಮೀಟರ್ ತೆಳುವಾದರೆ 5 ಟನ್ ಹೋದಂತೆ. ಯಾರೂ ನಟ್ಟು ತಿರುವಿಲ್ಲ, ನಟ್ಟು ತಾನಾಗಿಯೂ ತಿರುಗಿಲ್ಲ, ಆದರೂ ಬಿಗಿತವಿಲ್ಲ. ಬೋಲ್ಟು ಗಿಡ್ಡವಾದಷ್ಟೂ ಈ ಅಪಾಯ ಹೆಚ್ಚು, ಏಕೆಂದರೆ ಗಿಡ್ಡ ಬೋಲ್ಟು ಹಿಗ್ಗಿರುವುದೇ ಕಡಿಮೆ. ಉದ್ದ ಬೋಲ್ಟಿಗೆ ಎರಡು ಲಾಭ: ಸ್ವಲ್ಪ ಸರಿದರೂ ಅದರ ಬಿಗಿತ ಉಳಿಯುತ್ತದೆ, ಹೊರಗಿನ ಭಾರದಲ್ಲೂ ಅದರ ಪಾಲಿಗೆ ಕಡಿಮೆಯೇ ಬರುತ್ತದೆ. ಬೋಲ್ಟಿನ ತಲೆಯ ಕೆಳಗೆ ದಪ್ಪ ಕೊಳವೆಯ ತುಂಡು ತೊಡಿಸಿ ಉದ್ದದ ಬೋಲ್ಟು ಹಾಕುವುದನ್ನು ಕೆಲವು ಯಂತ್ರಗಳಲ್ಲಿ ನೋಡಿರಬಹುದು, ಅದು ಇದಕ್ಕಾಗಿಯೇ.

ಸುಳಿವುಗಳೂ ಇದ್ದವು. ಮುಚ್ಚಳದ ಸಂದಿಯಲ್ಲಿ ಎಣ್ಣೆ ಜಿನುಗುತ್ತಿತ್ತು, ಒರೆಸಿದರೆ ಮರುದಿನ ಮತ್ತೆ. ಓ ರಿಂಗ್ ಹಳತಾಗಿದೆ ಎಂದು ಅದನ್ನೂ ಬದಲಿಸಿದ್ದರು. ವಾಷರಿನ ಅಂಚಿನಲ್ಲಿ ಕೆಂಪು ಕಂದು ಪುಡಿ ಕೂತಿತ್ತು. ಲೋಹ ಲೋಹಕ್ಕೆ ಚೂರು ಚೂರೇ ಉಜ್ಜಿದಾಗ ಬರುವ ಪುಡಿ ಅದು. ಗಟ್ಟಿಯಾಗಿ ಅಪ್ಪಿದ ಜಾಗದಲ್ಲಿ ಉಜ್ಜಾಟ ಇರುವುದಿಲ್ಲ.

ಈ ಲೆಕ್ಕಕ್ಕೆ ಮಿತಿಗಳಿವೆ. ಎಳೆತ ಬೋಲ್ಟಿನ ನೇರಕ್ಕೇ ಬೀಳುತ್ತದೆ, ಮುಚ್ಚಳ ಬಾಗುವುದಿಲ್ಲ ಎಂದು ಹಿಡಿದಿದ್ದೇನೆ. ತೆಳು ಮುಚ್ಚಳವಾದರೆ ನಡು ಉಬ್ಬಿ ಅಂಚು ಸನ್ನೆಯ ಹಾಗೆ ಬೋಲ್ಟನ್ನು ಮೀಟುತ್ತದೆ, ಬೋಲ್ಟಿನ ಪಾಲು ಹೆಚ್ಚುತ್ತದೆ. ಎರಡು ತಟ್ಟೆಗಳ ನಡುವೆ ಇಡಿಯಾಗಿ ಮೆತ್ತನೆ ಗ್ಯಾಸ್ಕೆಟ್ ಇದ್ದರೆ 300 ಟನ್ನಿನ ಅಂಕಿ ಕುಸಿಯುತ್ತದೆ. ಅದು 60ಕ್ಕೇ ಬಂದರೆ ಹೊರಗಿನ ಭಾರದ ಅರ್ಧ ಬೋಲ್ಟಿಗೇ. ಓ ರಿಂಗನ್ನು ಗಾಡಿಯೊಳಗೆ ಕೂರಿಸಿ ಲೋಹ ಲೋಹಕ್ಕೆ ಮುಟ್ಟುವಂತೆ ಮಾಡುವುದರಿಂದ ಆ ತೊಂದರೆ ತಪ್ಪುತ್ತದೆ. ಈ ಪ್ರೆಸ್ಸು ಮಾಡಿದವರು ಹಾಗೇ ಮಾಡಿದ್ದರು. ನಡುವೆ ಬಂದ ಬಣ್ಣ ಅದನ್ನು ಕೆಡಿಸಿತ್ತು.

ಮುಖಗಳ ಬಣ್ಣವನ್ನೆಲ್ಲ ಕೆರೆದು ತೆಗೆದೆವು. ಮತ್ತೆ 8.8 ದರ್ಜೆಯ ಬೋಲ್ಟುಗಳನ್ನೇ ತರಿಸಿ, ಹಾಕುವ ಮೊದಲು ಒಂದೊಂದರ ಉದ್ದವನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಬರೆದುಕೊಂಡೆವು. ಫಿಟ್ಟರ್ ಎದುರುಬದುರು ಜೋಡಿಯಾಗಿ ಮೂರು ಸುತ್ತಿನಲ್ಲಿ ಬಿಗಿದರು. ಬಿಗಿದ ಮೇಲೆ ಅಳೆದರೆ ಏಳು ಬೋಲ್ಟುಗಳು 0.09ರಿಂದ 0.11 ಮಿಲಿಮೀಟರ್ ಹಿಗ್ಗಿದ್ದವು. ವಾರದ ನಂತರವೂ ಹಾಗೇ ಇದ್ದವು. ಎಂಟನೆಯದು ಮಾತ್ರ 0.1ರಿಂದ 0.06ಕ್ಕೆ ಇಳಿದಿತ್ತು. ಬಿಚ್ಚಿ ನೋಡಿದರೆ ನಟ್ಟಿನ ಕಡೆಯ ವಾಷರಿನ ಕೆಳಗೆ, ಬೆರಳಗಲ ಜಾಗದಲ್ಲಿ, ನೀಲಿ ಬಣ್ಣ ಉಳಿದುಕೊಂಡಿತ್ತು. ಫಿಟ್ಟರ್ ಏನೂ ಹೇಳದೆ ಬ್ಲೇಡು ತೆಗೆದುಕೊಂಡು ಕೆರೆಯಲು ಕೂತರು.