ತೂಕ ಇಳಿಯಲಿ, ಭಾರ ಇಳಿಯದಿರಲಿ

ಊಟ ಕಡಿಮೆ ಮಾಡಿದ ಕೂಡಲೇ ಹಲವರು ಜಿಮ್‌ನಲ್ಲಿ ಹಗುರ ತೂಕ ಹಿಡಿದು ಹೆಚ್ಚು ಸಲ ಎತ್ತಲು ತೊಡಗುತ್ತಾರೆ. ಕಡಿತವಾಗಬೇಕಾದದ್ದು ಸೆಟ್‌ಗಳು, ಬಾರ್‌ ಮೇಲಿನ ಭಾರವಲ್ಲ. ದೇಹ ಸ್ನಾಯುವನ್ನು ಉಳಿಸಿಕೊಳ್ಳುವುದು ಆ ಭಾರದ ಒತ್ತಡಕ್ಕಾಗಿ.

2011ರಲ್ಲಿ ಪ್ರಕಟವಾದ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ 16 ವಾರ ಕಾಲಿನ ವ್ಯಾಯಾಮ ಮಾಡಿದವರು, ಮುಂದಿನ 32 ವಾರ ಅದನ್ನು ಮೂರನೇ ಅಥವಾ ಒಂಬತ್ತನೇ ಒಂದು ಭಾಗಕ್ಕೆ ಇಳಿಸಿದರು. ಶಕ್ತಿ ಬಹುಪಾಲು ಉಳಿಯಿತು. ಯುವಕರಲ್ಲಿ ಸ್ನಾಯುವಿನ ಗಾತ್ರವೂ ಉಳಿಯಿತು. 60 ದಾಟಿದವರಲ್ಲಿ ಉಳಿಯಲಿಲ್ಲ. ಅವರ್‍ಯಾರೂ ಕ್ಯಾಲೊರಿ ಕಡಿತದಲ್ಲಿರಲಿಲ್ಲ. ಹಾಗಾಗಿ ಡಯಟ್‌ನಲ್ಲಿರುವವರು ಅಷ್ಟು ಕೆಳಗಿಳಿಯದೆ ಅರ್ಧಕ್ಕೆ ನಿಲ್ಲುವುದು ಕ್ಷೇಮ.

ವಾರಕ್ಕೆ 3 ದಿನ, ದಿನಕ್ಕೆ 4 ಸೆಟ್‌ನಂತೆ 80 ಕೆ.ಜಿ. ಸ್ಕ್ವಾಟ್‌ ಅನ್ನು 5 ಸಲ ಮಾಡುವವರನ್ನು ನೋಡೋಣ. ಮೊದಲು ಅವರು ದಿನಕ್ಕೊಂದು ಸೆಟ್ ಬಿಡಬೇಕು. ಎರಡು ವಾರದ ನಂತರವೂ ಆಯಾಸ ತೀರದಿದ್ದರೆ ಒಂದು ದಿನವನ್ನೇ ಕೈಬಿಡಬೇಕು. ಆಗ ಉಳಿಯುವುದು 6 ಸೆಟ್. ಭಾರ ಮಾತ್ರ ಅದೇ 80.

ಜೊತೆಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಒಂದು ದಿನ 4 ಸಲಕ್ಕೇ ಸುಸ್ತಾದರೆ ಅದು ನಿದ್ದೆ ಕೆಟ್ಟಿದ್ದರಿಂದಲೂ ಇರಬಹುದು. ಸತತ ಎರಡು-ಮೂರು ವಾರ ಎಣಿಕೆ ಇಳಿಯುತ್ತಲೇ ಹೋದರೆ ಊಟದ ಕಡಿತ ಅತಿಯಾಗಿದೆ ಎಂದರ್ಥ. ಆಗ ತಟ್ಟೆಗೆ ತುಸು ಅನ್ನ ಮರಳಬೇಕು.