ಉಚಿತ ಸೀಟಿಗೆ ನಕಲಿ ಹೆಸರುಗಳ ದಾಳಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಧಾರವಾಡದ ಸಣ್ಣ ರಂಗತಂಡವೊಂದು ಭಾನುವಾರದ ಉಚಿತ ನಾಟಕಕ್ಕೆ ತನ್ನ ವೆಬ್‌ಸೈಟಿನಲ್ಲಿ ನೋಂದಣಿ ತೆರೆದಿದೆ. ಇರುವುದು 200 ಸೀಟು. ಸಂಜೆಯ ಹೊತ್ತಿಗೆ 60 ಜನ ಹೆಸರು ಕೊಟ್ಟಿದ್ದರು. ಬೆಳಗ್ಗೆ ಎದ್ದು ನೋಡಿದರೆ ಹೌಸ್‌ಫುಲ್! ಸಂತೋಷದಿಂದ ಪಟ್ಟಿ ತೆರೆದವರಿಗೆ ಕಾಣುವುದು ಬೇರೆಯೇ. ಉಳಿದ 140 ಹೆಸರುಗಳೂ ರಾತ್ರಿ 2:14ರಿಂದ 2:17ರ ನಡುವೆ ಬಂದಿವೆ. ಕೆಲವು ಹೆಸರು `xKqTzRwpL` ಎಂಬಂಥ ಅಕ್ಷರಗಳ ರಾಶಿ. ಇನ್ನು ಕೆಲವರ ಹೆಸರಿನ ಜಾಗದಲ್ಲಿ ಯಾವುದೋ ಜಾಹೀರಾತು, ಅದರ ಪಕ್ಕದಲ್ಲೊಂದು ಲಿಂಕ್. ಇದು ಮನುಷ್ಯರ ಕೆಲಸವಲ್ಲ, ತಾನಾಗಿ ಫಾರ್ಮ್ ತುಂಬುವ ಬಾಟ್ ಎಂಬ ತಂತ್ರಾಂಶದ ಕೆಲಸ.

ದುಡ್ಡೇ ಇಲ್ಲದ ಕಡೆ ಕಳ್ಳನಿಗೇನು ಕೆಲಸ ಎಂದು ಕೇಳಬಹುದು. ಬಾಟ್‌ಗೆ ನಾಟಕದ ಸೀಟು ಬೇಕಿಲ್ಲ. ಅದಕ್ಕೆ ಬೇಕಿರುವುದು ನೋಂದಣಿಯಾದ ಕೂಡಲೇ ತಂಡದ ಸರ್ವರ್‌ನಿಂದ ಹೊರಡುವ ಇಮೇಲ್. ಆ ಪತ್ರ “ನಮಸ್ಕಾರ” ಎಂದು ಶುರುವಾಗಿ ಮುಂದೆ ನೋಂದಾಯಿಸಿದವರ ಹೆಸರು ಬರುವುದು ವಾಡಿಕೆ. ಹೆಸರಿನ ಜಾಗದಲ್ಲಿ ಜಾಹೀರಾತು, ಇಮೇಲ್ ಜಾಗದಲ್ಲಿ ಯಾರೋ ಅಮಾಯಕರ ವಿಳಾಸ ತುಂಬಿದರೆ ಆ ಜಾಹೀರಾತನ್ನು ರಂಗತಂಡವೇ ತನ್ನ ಹೆಸರಿನಲ್ಲಿ ಹಂಚಿದಂತಾಗುತ್ತದೆ. ಇನ್ನೊಂದು ಉದ್ದೇಶ ಇದಕ್ಕಿಂತ ಕೆಟ್ಟದ್ದು. ಒಬ್ಬರ ಬ್ಯಾಂಕ್ ಅಥವಾ ಶಾಪಿಂಗ್ ಖಾತೆಗೆ ಕನ್ನ ಹಾಕುವವರು ಅದೇ ಹೊತ್ತಿಗೆ ಅವರ ಇಮೇಲನ್ನು ನೂರಾರು ಫಾರ್ಮ್‌ಗಳಿಗೆ ತುಂಬಿಸುತ್ತಾರೆ. ಹೀಗೆ ಬಂದು ಬೀಳುವ ಪತ್ರಗಳ ರಾಶಿಯಲ್ಲಿ ಎಚ್ಚರಿಕೆಯ ಪತ್ರ ಹೂತುಹೋಗುತ್ತದೆ. ಬೇಡದ ಪತ್ರ ಪಡೆದವರು ಅದನ್ನು ‘ಸ್ಪ್ಯಾಮ್’ ಎಂದು ಗುರುತಿಸುತ್ತಾ ಹೋದರೆ, ಮುಂದೆ ತಂಡದ ನಿಜವಾದ ಪತ್ರಗಳೂ ಪ್ರೇಕ್ಷಕರ ಸ್ಪ್ಯಾಮ್ ಪೆಟ್ಟಿಗೆ ಸೇರತೊಡಗುತ್ತವೆ.

ಹಾಗಾಗಿ ಮೊದಲು ಮಾಡಬೇಕಾದ್ದು ಬಾಟ್‌ಗೆ ಸಿಗುವ ಲಾಭವನ್ನೇ ಕಡಿದುಹಾಕುವುದು. ದೃಢೀಕರಣದ ಪತ್ರದಲ್ಲಿ ಅರ್ಜಿದಾರರು ಬರೆದ ಯಾವ ಪದವೂ ಇರಕೂಡದು, ಹೆಸರು ಕೂಡ. ಒಂದು ವಿಳಾಸಕ್ಕೆ ಒಂದೇ ಪತ್ರ ಹೋಗಬೇಕು.

ಎರಡನೆಯದು ಎಲ್ಲಕ್ಕಿಂತ ಮುಖ್ಯ. ‘ಸಲ್ಲಿಸು’ ಒತ್ತಿದ ಕ್ಷಣಕ್ಕೆ ಸೀಟು ಕೊಡಬಾರದು. ಇಮೇಲಿಗೆ ಒಂದು ಲಿಂಕ್ ಕಳುಹಿಸಿ, ಅದನ್ನು ತೆರೆದು ‘ನಾನು ಬರುತ್ತೇನೆ’ ಎಂಬ ಗುಂಡಿ ಒತ್ತಿದವರಿಗೆ ಮಾತ್ರ ಸೀಟು ಕೊಡಬೇಕು. 24 ಗಂಟೆಯೊಳಗೆ ಒತ್ತದಿದ್ದರೆ ಅರ್ಜಿ ತಾನಾಗಿ ರದ್ದಾಗಬೇಕು. ಲಿಂಕ್ ತೆರೆದರೆ ಸಾಲದೇ, ಗುಂಡಿ ಏಕೆ ಎಂದರೆ, ಎಷ್ಟೋ ಕಚೇರಿಗಳ ಇಮೇಲ್ ವ್ಯವಸ್ಥೆ ವೈರಸ್ ಪರೀಕ್ಷೆಗೆಂದು ಬಂದ ಲಿಂಕ್‌ಗಳನ್ನೆಲ್ಲ ತಾನೇ ತೆರೆದು ನೋಡುತ್ತದೆ. ಲಿಂಕ್ ತೆರೆದದ್ದನ್ನೇ ಒಪ್ಪಿಗೆ ಎಂದುಕೊಂಡರೆ ಯಂತ್ರಕ್ಕೆ ಸೀಟು ಕೊಟ್ಟಂತಾಗುತ್ತದೆ. ಧಾರವಾಡದ ತಂಡ ಇದೊಂದನ್ನು ಮಾಡಿದ್ದರೂ ಆ 140 ಹೆಸರುಗಳು ಒಂದು ಸೀಟನ್ನೂ ಹಿಡಿಯುತ್ತಿರಲಿಲ್ಲ.

ಆದರೂ ಅಮಾಯಕರ ವಿಳಾಸಕ್ಕೆ ಆ ಒಂದು ಪತ್ರ ಹೋಗಿಯೇ ಹೋಗುತ್ತದೆ. ಅದನ್ನೂ ತಡೆಯಲು ಬಾಗಿಲಲ್ಲೇ ಒಂದು ಜರಡಿ ಬೇಕು. ಖರ್ಚಿಲ್ಲದ ಉಪಾಯವೆಂದರೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ:

```html
<div style="position:absolute; left:-9999px" aria-hidden="true">
  <input type="text" name="ref_note_7" tabindex="-1" autocomplete="off">
</div>
```

ಇದು ಪರದೆಯ ಆಚೆ ಇರುವುದರಿಂದ ಜನರಿಗೆ ಕಾಣುವುದಿಲ್ಲ. ಪುಟದ ಕೋಡ್ ಓದಿ ಸಿಕ್ಕಸಿಕ್ಕ ಜಾಗವನ್ನೆಲ್ಲ ತುಂಬುವ ಬಾಟ್ ಇದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಈ ಜಾಗಕ್ಕೆ `address` ಅಥವಾ `phone` ಎಂದು ಹೆಸರಿಟ್ಟರೆ ಮಾತ್ರ ಅಪಾಯ. ಆಗ ಬ್ರೌಸರ್ ತನ್ನಲ್ಲಿ ಉಳಿಸಿಕೊಂಡ ವಿವರವನ್ನು ಅಲ್ಲಿ ತಾನೇ ತುಂಬಿಬಿಡಬಹುದು, ನಿಜವಾದ ಪ್ರೇಕ್ಷಕರು ಹೊರಗುಳಿಯಬಹುದು. `aria-hidden` ಇರುವುದು ಅಂಧರು ಬಳಸುವ ಸ್ಕ್ರೀನ್ ರೀಡರ್ ಆ ಜಾಗವನ್ನು ಓದದಿರಲಿ ಎಂದು. ಹೀಗೆ ಸಿಕ್ಕಿಬಿದ್ದ ಅರ್ಜಿಯನ್ನು ಅಳಿಸುವ ಬದಲು ಬೇರೆ ಪಟ್ಟಿಗೆ ಹಾಕಿ ದಿನಕ್ಕೊಮ್ಮೆ ಕಣ್ಣಾಡಿಸಬೇಕು. ಅದರಲ್ಲಿ ನಿಜವಾದ ಹೆಸರುಗಳು ಕಂಡರೆ ಬಲೆಯಲ್ಲೇ ದೋಷವಿದೆ ಎಂದು ಗೊತ್ತಾಗುತ್ತದೆ.

ಚುರುಕಾದ ಬಾಟ್ ಇದನ್ನು ದಾಟುತ್ತದೆ. ಅದಕ್ಕೆ ಕ್ಯಾಪ್ಚಾ ಬೇಕು. ಟ್ರಾಫಿಕ್ ದೀಪದ ಚಿತ್ರಗಳನ್ನು ಆರಿಸಿ ಎಂದು ವಯಸ್ಸಾದವರನ್ನು ಕಾಡುವ ಬಗೆಯೇ ಆಗಬೇಕೆಂದಿಲ್ಲ. ಕ್ಲೌಡ್‌ಫ್ಲೇರ್ ಕಂಪನಿ 2022ರಲ್ಲಿ ತಂದ ಟರ್ನ್‌ಸ್ಟೈಲ್‌ನಂಥವು ಹೆಚ್ಚಿನ ಸಲ ಬ್ರೌಸರನ್ನು ಹಿನ್ನೆಲೆಯಲ್ಲೇ ಪರೀಕ್ಷಿಸಿ ಒಂದು ಟೋಕನ್ ಕೊಡುತ್ತವೆ. ತಪ್ಪಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪುಟದಲ್ಲಿ ಕ್ಯಾಪ್ಚಾ ಕೂರಿಸಿ, ಸರ್ವರ್‌ನಲ್ಲಿ ಆ ಟೋಕನನ್ನು ಪರಿಶೀಲಿಸುವುದನ್ನು ಮರೆಯುತ್ತಾರೆ. ಬಾಟ್ ಪುಟವನ್ನು ತೆರೆಯಲೇಬೇಕೆಂದೇನೂ ಇಲ್ಲ, ಫಾರ್ಮ್ ತಲುಪುವ ವಿಳಾಸಕ್ಕೆ ನೇರವಾಗಿ ಮಾಹಿತಿ ಕಳುಹಿಸಬಲ್ಲದು. ಆದ್ದರಿಂದ ಸರ್ವರ್ ಪ್ರತಿ ಟೋಕನನ್ನೂ ಈ ವಿಳಾಸಕ್ಕೆ ಕಳುಹಿಸಿ ಕೇಳಬೇಕು:

```
https://challenges.cloudflare.com/turnstile/v0/siteverify
```

ಉತ್ತರದಲ್ಲಿ `"success": true` ಬಂದರೆ ಮಾತ್ರ ಅರ್ಜಿ ಮುಂದೆ ಹೋಗಬೇಕು. ಟೋಕನ್ 5 ನಿಮಿಷ ಮಾತ್ರ ನಡೆಯುತ್ತದೆ, ಒಂದು ಸಲಕ್ಕಷ್ಟೇ. ವ್ಯವಸ್ಥೆ ಸರಿಯಿದೆಯೇ ಎಂದು ತಿಳಿಯಲು ಟೋಕನ್ ಇಲ್ಲದೆ ಒಂದು ಅರ್ಜಿ ಕಳುಹಿಸಿ ನೋಡಿದರಾಯಿತು. ಅದು ಸ್ವೀಕಾರವಾದರೆ ಕ್ಯಾಪ್ಚಾ ಬರೀ ಅಲಂಕಾರ.

ಒಂದೇ ಐಪಿ ವಿಳಾಸದಿಂದ ಒಂದೇ ನೋಂದಣಿ ಎಂಬ ನಿಯಮ ನಮ್ಮಲ್ಲಿ ನಡೆಯುವುದಿಲ್ಲ. ಭಾರತದ ಮೊಬೈಲ್ ಜಾಲಗಳಲ್ಲಿ ಬಹಳಷ್ಟು ಗ್ರಾಹಕರು ಒಂದೇ ಐಪಿ ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಒಂದು ಹಾಸ್ಟೆಲಿನ ಹುಡುಗರೆಲ್ಲ ಒಂದೇ ವೈಫೈನಲ್ಲಿ ಇರುತ್ತಾರೆ. ನಿಮಿಷಕ್ಕೆ ಇಷ್ಟು ಎಂಬ ಸಡಿಲ ಮಿತಿ ಸಾಕು.

ಇಷ್ಟೆಲ್ಲ ಮಾಡಿದರೂ ಸುಳ್ಳು ಹೇಳುವ ಮನುಷ್ಯರನ್ನು ಹಿಡಿಯಲಾಗದು. 2020ರ ಜೂನ್ 20ರಂದು ಅಮೆರಿಕದ ಟಲ್ಸಾ ನಗರದಲ್ಲಿ ಡೊನಾಲ್ಡ್ ಟ್ರಂಪ್ ಪ್ರಚಾರಸಭೆ ಇತ್ತು. ಉಚಿತ ಟಿಕೆಟ್‌ಗೆ 10 ಲಕ್ಷಕ್ಕೂ ಹೆಚ್ಚು ಕೋರಿಕೆ ಬಂದಿದೆ ಎಂದು ಪ್ರಚಾರ ತಂಡ ಹೇಳಿಕೊಂಡಿತ್ತು. ಟಿಕ್‌ಟಾಕ್ ಬಳಸುವ ಹದಿಹರೆಯದವರೂ ಕೊರಿಯನ್ ಪಾಪ್ ಸಂಗೀತದ ಅಭಿಮಾನಿಗಳೂ ಹೋಗುವ ಉದ್ದೇಶವಿಲ್ಲದೆಯೇ ಹೆಸರು ಕೊಡುವಂತೆ ಪರಸ್ಪರ ಹುರಿದುಂಬಿಸಿದ್ದರು. ಸುಮಾರು 19,000 ಜನ ಹಿಡಿಯುವ ಕ್ರೀಡಾಂಗಣಕ್ಕೆ ಬಂದವರು, ಅಗ್ನಿಶಾಮಕ ಇಲಾಖೆಯ ಲೆಕ್ಕದಲ್ಲಿ, ಸುಮಾರು 6,200. ಕೋವಿಡ್ ಭಯವೂ ಇದ್ದ ದಿನಗಳವು. ಅಲ್ಲಿ ಮೊದಲು ಬಂದವರಿಗೆ ಮೊದಲ ಪ್ರವೇಶ ಎಂಬ ನಿಯಮವಿದ್ದದ್ದರಿಂದ ನಿಜವಾಗಿ ಬಂದವರ ಸೀಟು ತಪ್ಪಲಿಲ್ಲ, ತಪ್ಪಿದ್ದು ಸಂಘಟಕರ ಅಂದಾಜು. ಹೊರಗೆ ಉಳಿಯುವ ಜನರಿಗಾಗಿ ಸಜ್ಜು ಮಾಡಿದ್ದ ವೇದಿಕೆಯ ಕಾರ್ಯಕ್ರಮವನ್ನೇ ಕೈಬಿಡಬೇಕಾಯಿತು.

ಇಂಥದ್ದಕ್ಕೆ ತಾಂತ್ರಿಕ ಮದ್ದಿಲ್ಲ, ನಿಯಮದ ಮದ್ದಿದೆ. ಕಾರ್ಯಕ್ರಮದ ಹಿಂದಿನ ದಿನ ಇನ್ನೊಮ್ಮೆ ‘ಬರುತ್ತೀರಾ’ ಎಂದು ಕೇಳಿ, ಉತ್ತರಿಸದವರ ಸೀಟನ್ನು ಕಾಯುವ ಪಟ್ಟಿಯವರಿಗೆ ಕೊಡಬೇಕು. ನಾಟಕ ಶುರುವಾಗುವ 10 ನಿಮಿಷ ಮೊದಲು ಖಾಲಿ ಸೀಟನ್ನು ಬಾಗಿಲಲ್ಲಿ ನಿಂತವರಿಗೆ ಬಿಟ್ಟುಕೊಡಬೇಕು. ಇದನ್ನು ನೋಂದಣಿ ಪುಟದಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಹೆಸರು ಕೊಟ್ಟವರಲ್ಲೂ ಒಂದು ಮನವಿ: ಬರಲಾಗದಿದ್ದರೆ ದಯವಿಟ್ಟು ರದ್ದು ಮಾಡಿ. ನಿಮ್ಮ ಸೀಟು ಬೇಕಾದವರು ಕಾಯುವ ಪಟ್ಟಿಯಲ್ಲಿ ಇದ್ದಾರೆ.